ಕಾರ್ಡಿನಲ್ಲಿಲ್ಲದ ಮಾತು

ಉತ್ತರ ಬಂದಾಗ ಗ್ವೆಂಡಾ ತಾನು ಓಡಿಸುವ ಶಾಲಾ ಬಸ್ಸಿನ ಮೆಟ್ಟಿಲು ಗುಡಿಸುತ್ತಿದ್ದಳು. ಬೆಳಗಿನ ಟ್ರಿಪ್ಪಿನ ಮಕ್ಕಳು ಬೂಟಿನಲ್ಲಿ ಹೊತ್ತು ತಂದ ಕೆಸರು, ಒಂದು ಕಿತ್ತಳೆ ಸಿಪ್ಪೆ, ಯಾರದೋ ಉಣ್ಣೆ ಟೋಪಿ. ಪೊರಕೆಯನ್ನು ಬಾಗಿಲಿಗೆ ಒರಗಿಸಿ ಫೋನ್ ತೆಗೆದಳು. ಹಿಂದಿನ ಸಂಜೆಯಿಂದ ಇದಕ್ಕೇ ಕಾದಿದ್ದಳು.

"ಸಂದೇಶ ತಲುಪಿದೆ. ವಂದನೆಗಳು. ಡಿ. ರಜ್."

ಮೂರು ಸಲ ಓದಿದಳು. ಇಪ್ಪತ್ತೆರಡು ವರ್ಷದ ಒಡನಾಟದಲ್ಲಿ ಆ ಮನುಷ್ಯ ತನ್ನ ಹೆಸರನ್ನು ಹೀಗೆ ಬರೆದದ್ದನ್ನು ಅವಳು ನೋಡಿದ್ದು ಒಂದೇ ಸಲ, ಅವನ ವಿಚ್ಛೇದನದ ಕಾಗದದ ಮೇಲೆ. ಅದಕ್ಕೆ ಸಾಕ್ಷಿ ಹಾಕಿದವಳು ಅವಳೇ. ಡೆಸ್ಮಂಡ್ ರಜ್ ಎಂದರೆ ನಮ್ಮ ಊರು ಡೆನ್ಬಿ ಫ್ಲಾಟಿನಲ್ಲಿ ಅರ್ಧ ಜನಕ್ಕೆ ಯಾರೆಂದೇ ತಿಳಿಯದು. ಅವನು ಕೆಟಲ್. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಟ್ಯಾಂಕರ್ ಓಡಿಸುವವನು. ಎಂಥ ಬೆಂಕಿಗೆ ಹೋದರೂ ಆರಿಸಿದ ಮೇಲೆ ಟೀಗೆ ನೀರು ಎಲ್ಲಿ ಕಾಯಿಸುವುದು ಎಂದು ಮೊದಲೇ ಜಾಗ ನೋಡಿಟ್ಟುಕೊಳ್ಳುವವನು. ಗ್ವೆಂಡಾಳಿಗೆ ಪಂಪು ನಡೆಸುವುದನ್ನು ಕಲಿಸಿದವನು ಅವನು. ಎಂಟು ತಿಂಗಳ ಹಿಂದೆ ದಳದ ಮುಖ್ಯಸ್ಥನ ಕುರ್ಚಿ ತನಗೆ ಬೇಡ ಎಂದು ಅವಳನ್ನು ಅದರ ಮೇಲೆ ಕೂರಿಸಿದವನೂ ಅವನೇ. "ಕಾಗದ ಪತ್ರ ನಿಂಗೆ, ಟೀ ನಂಗೆ" ಎಂದಿದ್ದ.

ಕಾಗದ ಪತ್ರ ಅವಳಿಗೆ ಸಿಕ್ಕಿತು. ಕೆಟ್ಟ ಘಟನೆಯ ನಂತರ ದಳದವರಿಗೆ ಏನು ಹೇಳಬೇಕೆಂದು ತಿಳಿಸುವ ಒಂದು ಕಾರ್ಡೂ ಅದರಲ್ಲೇ ಇತ್ತು.

ಹನ್ನೊಂದು ದಿನದ ಹಿಂದೆ, ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಕುರಿದೊಡ್ಡಿಯ ತಿರುವಿನಲ್ಲಿ ಒಂದು ಪಿಕಪ್ ಗಾಡಿ ನೀಲಗಿರಿ ಮರಕ್ಕೆ ಬಡಿದಿತ್ತು. ಓಡಿಸುತ್ತಿದ್ದ ಹುಡುಗನಿಗೆ ಹತ್ತೊಂಬತ್ತು, ಪಕ್ಕದ ಕಣಿವೆಯವನು. ಸೊಂಟದಿಂದ ಕೆಳಗೆ ತಗಡಿನೊಳಗೆ ಸಿಕ್ಕಿಕೊಂಡಿದ್ದ. ತಗಡು ಕತ್ತರಿಸುವ ಯಂತ್ರ ದೊಡ್ಡ ಊರಿನಿಂದ ಬರಬೇಕು, ನಲವತ್ತು ನಿಮಿಷದ ದಾರಿ. ಪೆಟ್ರೋಲು ಸೋರುತ್ತಿದ್ದರಿಂದ ಗ್ವೆಂಡಾ ನಾಲ್ಕು ಹೆಜ್ಜೆ ದೂರದಲ್ಲಿ ನೀರಿನ ಕೊಳವೆ ಹಿಡಿದು ನಿಂತಿದ್ದಳು. ಕೆಟಲ್ ಕಿಟಕಿಯ ಹತ್ತಿರ ಮಂಡಿಯೂರಿ, ಎಡಗೈ ಗ್ಲೌಸ್ ಕಳಚಿ, ಹುಡುಗನ ಕೈ ಹಿಡಿದುಕೊಂಡ. ನಾಯಿ ಸಾಕಿದ್ದೀಯಾ ಎಂದು ಕೇಳಿದ. ಸಾಕಿದ್ದೇನೆ, ಪೆಪ್ಪರ್ ಅಂತ ಹೆಸರು ಎಂದ ಹುಡುಗ. ಆಮೇಲೆ ಇಬ್ಬರೂ ಪೆಪ್ಪರಿನ ಮಾತೇ ಆಡಿದರು. ಯಂತ್ರ ಬರುವ ಹೊತ್ತಿಗೆ ಹುಡುಗ ಇರಲಿಲ್ಲ.

ಮರುದಿನವೇ ಕೆಟಲ್ ಬೆಟ್ಟದ ಮೇಲಿನ ಸರೋವರದ ಪಕ್ಕ ಇರುವ ತನ್ನ ಮೀನು ಹಿಡಿಯುವ ಗುಡಿಸಲಿಗೆ ಹೊರಟುಹೋದ. ಅಲ್ಲಿ ಫೋನಿನಲ್ಲಿ ಮಾತು ಹೋಗದು. ನೀರಿನೊಳಕ್ಕೆ ಚಾಚಿದ ಮರದ ಜೆಟ್ಟಿಯ ತುದಿಗೆ ನಡೆದುಹೋದರೆ ಒಂದು ಗೆರೆ ಸಿಗ್ನಲ್ ಸಿಗುತ್ತದೆ, ಮೆಸೇಜು ಮಾತ್ರ ಹೋಗಿ ಬರುತ್ತದೆ. ಕೆಟಲ್ ದಿನಕ್ಕೆ ಎರಡು ಸಲ ಅಲ್ಲಿಗೆ ಹೋಗುತ್ತಾನೆ: ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ, ಹವಾಮಾನ ನೋಡುವುದಕ್ಕೆ. ಇದು ಊರಿಗೆಲ್ಲ ಗೊತ್ತು. ನಿನ್ನೆ ಬುಧವಾರ ಸಂಜೆ ನಾಲ್ಕಕ್ಕೆ ಅವನ ಮೆಸೇಜು ಬಂದಿತ್ತು, ಎಂದಿನಂತೆ ಚುಕ್ಕಿ ಗೆರೆ ಒಂದೂ ಇಲ್ಲದೆ:

"ಮಂಗಳವಾರದ ಪ್ರಾಕ್ಟೀಸಿಗೆ ಇನ್ಮೇಲೆ ಬರಲ್ಲ ನನ್ನ ಕೀ ಯಾರಿಗಾದ್ರೂ ಕೊಡು ಕೊಕ್ಕೆ ಮೇಲಿದೆ"

ಕೀ ಎಂದರೆ ದಳದ ಶೆಡ್ಡಿನ ಕೀ. ಇಪ್ಪತ್ತೆರಡು ವರ್ಷದಿಂದ ಅವನ ಬೆಲ್ಟಿನಲ್ಲಿ ನೇತಾಡುತ್ತಿದ್ದದ್ದು. ಗ್ವೆಂಡಾಳಿಗೆ ಹೆದರಿಕೆಯಾಯಿತು. ಜಿಲ್ಲಾ ಕಚೇರಿಯಿಂದ ಬಂದ ಕಡತ ಬಿಚ್ಚಿ, ಪ್ಲಾಸ್ಟಿಕ್ ಹೊದಿಸಿದ ಕಾರ್ಡ್ ಮುಂದಿಟ್ಟುಕೊಂಡು, ತಪ್ಪಾಗಬಾರದು ಎಂದು ಅಕ್ಷರಕ್ಕೆ ಅಕ್ಷರ ನೋಡಿ ಬರೆದಳು:

"ಪ್ರಿಯ ಡೆಸ್ಮಂಡ್, ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ಇತ್ತೀಚಿನ ಘಟನೆಯ ನಂತರ ತಮಗೆ ಉಂಟಾಗುತ್ತಿರುವ ಭಾವನೆಗಳು ಸಹಜವಾದವು. ತಮ್ಮ ನಿರ್ಧಾರವನ್ನು ನಾವು ಗೌರವಿಸುತ್ತೇವೆ. ಯಾವುದೇ ನೆರವು ಬೇಕಾದಲ್ಲಿ ತಿಳಿಸಲು ದಯವಿಟ್ಟು ಹಿಂಜರಿಯಬೇಡಿ."

ಕಾರ್ಡಿನಲ್ಲಿ ಕೆಟ್ಟ ಮಾತೇನೂ ಇಲ್ಲ. ಆದರೆ ನಮ್ಮ ಕಡೆ ಒಬ್ಬನನ್ನು ಅವನ ಪೂರ್ತಿ ಹೆಸರು ಹಿಡಿದು ಮರ್ಯಾದೆಯಿಂದ ಮಾತಾಡಿಸಿದರೆ, ಒಂದೋ ಅವನ ಮನೆಯಲ್ಲಿ ಯಾರೋ ಸತ್ತಿದ್ದಾರೆ, ಇಲ್ಲವೋ ಅವನ ಕೆಲಸ ಹೋಗಿದೆ ಎಂದೇ ಲೆಕ್ಕ. ಇಪ್ಪತ್ತೆರಡು ವರ್ಷ ಜೊತೆಗೆ ಹೊಗೆ ಕುಡಿದವಳು ಕಚೇರಿಯ ದನಿಯಲ್ಲಿ ಬರೆದಿದ್ದಳು. ಅವನೂ ಕಚೇರಿಗೇ ಉತ್ತರ ಕೊಟ್ಟಿದ್ದ. ಕೆಳಗೆ ಫೋನು ತಾನಾಗಿಯೇ ಮೂರು ಉತ್ತರಗಳನ್ನು ಸಿದ್ಧ ಮಾಡಿ ತೋರಿಸುತ್ತಿತ್ತು: ಸರಿ. ಧನ್ಯವಾದ. ಎತ್ತಿದ ಹೆಬ್ಬೆರಳು. ಗ್ವೆಂಡಾ ಫೋನನ್ನು ಜೇಬಿಗೆ ತುರುಕಿದಳು.

ಬಸ್ ಡಿಪೋ ಆಫೀಸಿನ ಫೋನಿನಿಂದ ಮೊದಲು ಪೆರಿನ್‌ನ ಠಾಣೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದಳು. ಪೆರಿನ್ ಸರೋವರದ ರೇಂಜರ್, ಸಮುದ್ರದಾಚೆಯ ಮೇನ್‌ಲ್ಯಾಂಡಿನಿಂದ ಬಂದು ಇನ್ನೂ ಎರಡು ತಿಂಗಳಾಗಿದೆ. ಕೆಟಲ್‌ನನ್ನು ಬೆಳಿಗ್ಗೆಯಷ್ಟೇ ನೋಡಿದೆ, ಸೌದೆ ಒಡೀತಿದ್ರು, ಕೈ ಬೀಸಿದ್ರು ಎಂದ.

"ಸರೋವರದ ಅಂಗಡಿ ಕಡೆ ಹೋಗ್ತಿದ್ದೆ, ಹಾಲು ಬ್ರೆಡ್ಡು ತರ್ಲಾ ಅಂತ ಕೇಳ್ದೆ" ಎಂದ ಪೆರಿನ್. "ಬೇಡ, ಅಷ್ಟು ದಿನ ಬೇಕಾಗಲ್ಲ ಅಂದ್ರು. ಊರಿಗೆ ವಾಪಸ್ ಬರ್ತಿದಾರೇನೋ ಅಂದ್ಕೊಂಡೆ."

ಕೆಟಲ್ ಟೀಗೆ ಅರ್ಧ ಲೋಟ ಹಾಲು ಸುರಿಯುವವನು. ಟೀ ಕುಡಿತೀಯೋ ಕರು ಸಾಕ್ತೀಯೋ ಎಂದು ಊರೆಲ್ಲ ರೇಗಿಸುತ್ತಿತ್ತು. ಊರಿಗೆ ಬರುವವನು ಕೀ ಕೊಟ್ಟುಬಿಡು ಎನ್ನುವುದಿಲ್ಲ. ಮೇಲಿನ ರಸ್ತೆಗೆ ಹಿಮ ಬಿದ್ದು ಗೇಟು ಮುಚ್ಚಿದ್ದರು. ನಾಳೆ ಬೆಳಿಗ್ಗೆ ಹಿಮ ತೆಗೆಯುವ ಗಾಡಿ ಹೋಗುವವರೆಗೆ ಅವಳೂ ಹತ್ತುವಂತಿಲ್ಲ, ಕಾನ್ಸ್‌ಟೇಬಲ್ಲೂ ಹತ್ತುವಂತಿಲ್ಲ. ಗೇಟಿನ ಮೇಲುಗಡೆ ಈ ಕೆಲಸಕ್ಕೆ ಆಗುವವನು ಪೆರಿನ್ ಒಬ್ಬನೇ. ಹೆದರಿಸದೆ, ಆದರೆ ಏನನ್ನೂ ಮುಚ್ಚಿಡದೆ ಅವನಿಗೆ ಹೇಳಿದಳು. ಅವನು, ದೋಣಿ ಇಳಿಸುವ ಕಟ್ಟೆಯ ಹಲಗೆ ಸರಿಮಾಡುವುದಿದೆ, ಅಲ್ಲಿಂದ ಗುಡಿಸಲ ಬಾಗಿಲು ಕಾಣುತ್ತೆ, ಇಡೀ ದಿನ ಅಲ್ಲೇ ಇರ್ತೀನಿ ಎಂದ. ಹತ್ತಿರ ಹೋಗಿ ಕೂತು ಮಾತಾಡಬಹುದಿತ್ತು, ಆದರೆ ನನ್ನನ್ನ ಅವರು ಒಳಗೆ ಕರೆಯಲ್ಲ ಎಂದೂ ಹೇಳಿದ. ಪೆರಿನ್ ಹೇಳಿದ್ದು ಸರಿಯಾಗಿತ್ತು. ಕಣ್ಣಿಡಲು ಹೊಸಬ ಸಾಕು, ಮಾತಿಗೆ ಸಾಲದು.

ಜಿಲ್ಲಾ ಕಚೇರಿಯ ಸಮಾಲೋಚಕಿಗೂ ಫೋನ್ ಮಾಡಿದಳು. ಆ ಹೆಂಗಸು ಒಳ್ಳೆಯವಳು. ಕಾರ್ಡ್ ಏನಿದ್ದರೂ ಅವನ ಪರಿಚಯವಿಲ್ಲದವರಿಗೆ ಎಂದಳು. ನೀವು ಬರೆದರೆ ನಿಮ್ಮ ಹಾಗೆಯೇ ಕೇಳಿಸಬೇಕು. ಮಾತಿಗೆ ಸಿಕ್ಕ ಮೇಲೆ ಸುತ್ತಿ ಬಳಸದೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಇಷ್ಟು ಹೇಳಿ ತನ್ನ ನಂಬರು ಕೊಟ್ಟಳು. ಗ್ವೆಂಡಾ ಎಲ್ಲವನ್ನೂ ಟ್ರಿಪ್ ಹಾಳೆಯ ಹಿಂಬದಿಗೆ ಬರೆದುಕೊಂಡಳು. ನಿಮ್ಮ ಹಾಗೆಯೇ ಕೇಳಿಸಬೇಕು ಎನ್ನುವುದನ್ನು ಬರೆದುಕೊಳ್ಳುವುದು ಸುಲಭ.

ಮೂರು ಗಂಟೆಗೆ ಸಂಜೆಯ ಟ್ರಿಪ್ಪು. ಬೇರೆ ಡ್ರೈವರ್ ಇಲ್ಲ. ಹತ್ತಿದ ಮೇಲೆ ಫೋನ್ ಮುಟ್ಟುವಂತಿಲ್ಲ. ನಾಲ್ಕಕ್ಕೆ ಕೆಟಲ್ ಜೆಟ್ಟಿಯ ತುದಿಗೆ ಬರುವಾಗ ಅವಳ ಮಾತು ಅಲ್ಲಿ ಕಾದಿರಬೇಕು. ಅಷ್ಟರೊಳಗೆ ಬರೆಯಬೇಕು.

ಬೇಕರಿಗೆ ಹೋದಳು. ಅಲ್ಲಿ ಮಾರ್ನಿ ಇದ್ದಳು, ಇಪ್ಪತ್ತೇಳರ ಹುಡುಗಿ, ಬೇಕರಿಯ ಕೆಲಸದ ಜೊತೆಗೆ ದಳದ ಕಾರ್ಯದರ್ಶಿ. ಊರಿನಲ್ಲಿ ಅತಿ ವೇಗವಾಗಿ ಮೆಸೇಜು ಬರೆಯುವವಳು. ಮಧ್ಯಾಹ್ನದ ಸ್ಕ್ಯಾಲಪ್ ಚಿಪ್ಪುಮೀನಿನ ಪೈಗಳು ಒಲೆಯಿಂದ ಈಗಷ್ಟೇ ಇಳಿದಿದ್ದವು, ಅಂಗಡಿಯೆಲ್ಲ ಮಸಾಲೆ ಪುಡಿಯ ಘಮ. ಗ್ವೆಂಡಾ ಫೋನನ್ನು ಗಾಜಿನ ಮೇಲಿಟ್ಟು ತಿರುಗಿಸಿದಳು. ಮಾರ್ನಿ ಓದಿ ಕೈ ಒರೆಸಿಕೊಂಡಳು. ತಾನೇ ಬರೆಯುತ್ತೇನೆಂದು ಫೋನ್ ತೆಗೆದುಕೊಂಡು ಅರೆ ನಿಮಿಷದಲ್ಲಿ ಬರೆದೂಬಿಟ್ಟಳು. ಕೆಟಲೂ, ನೀನಿಲ್ಲದೆ ಶೆಡ್ಡು ಬಿಕೋ ಅಂತಿದೆ, ನಾವೆಲ್ಲ ನಿನ್ನ ತುಂಬಾ ತುಂಬಾ ಪ್ರೀತಿಸ್ತೀವಿ, ಬೇಗ ಬಾ. ಕೊನೆಗೆ ಕೆಂಪು ಹೃದಯಗಳ ಒಂದು ಸಾಲು, ಒಂದು ಟೀ ಕಪ್ಪು, ಅಪ್ಪಿಕೊಳ್ಳುವ ಎರಡು ಕೈ.

ಗ್ವೆಂಡಾ ಅದನ್ನು ಕಳಿಸಲಿಲ್ಲ. "ಇದನ್ನ ನಾನು ಕಳಿಸಿದ್ರೆ, ಗ್ವೆಂಡಾಳ ಫೋನ್ ಕಳವಾಗಿದೆ ಅಂತ ಪೊಲೀಸಿಗೆ ಹೇಳ್ತಾನೆ ಅಷ್ಟೆ" ಎಂದಳು.

ಮಾರ್ನಿ ನಗಲಿಲ್ಲ. ಮತ್ತೆ ಕಾರ್ಡಿನ ಮೆಸೇಜಿಗೆ ಹೋಗಿ, ಹಿಟ್ಟು ಮೆತ್ತಿದ ಬೆರಳಿನಿಂದ ಸಾಲುಗಳ ಮೇಲೆ ಎಳೆಯುತ್ತ ಓದಿದಳು. "ನಂದು ನನ್ನ ಥರ ಇದೆ, ಒಪ್ಕೋತೀನಿ. ಆದ್ರೆ ನಿಂದ್ರಲ್ಲಿ ನೀನೇ ಇಲ್ಲ ಗ್ವೆನ್. ನೋಡು, ಪೂರ್ತಿ ತಮಗೆ, ತಮ್ಮ, ನಾವು. ಇದನ್ನ ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಕಳಿಸ್ಬಹುದು. ಆವತ್ತು ನೀನೂ ಅಲ್ಲಿದ್ದೆ ತಾನೆ."

ನನಗೇನಾಗಿದೆ, ನಾನು ಸುಮ್ಮನೆ ಕೊಳವೆ ಹಿಡಿದು ನಿಂತಿದ್ದೆ ಎಂದಳು ಗ್ವೆಂಡಾ.

"ನನ್ನ ಅಕ್ಕನ ಮಗಳು ನಿನ್ನ ಬಸ್ಸಲ್ಲೇ ಬರೋದು" ಎಂದಳು ಮಾರ್ನಿ ಮೆಲ್ಲಗೆ. "ಆ ಮರದ ಹತ್ರ ಡ್ರೈವರ್ ಆಂಟಿ ಬಸ್ಸನ್ನ ನಡಿಗೆಗಿಂತ ನಿಧಾನ ಮಾಡ್ತಾರೆ, ನಾವೆಲ್ಲ ಮಾತು ನಿಲ್ಲಿಸ್ತೀವಿ ಅಂತ ಮನೇಲಿ ಹೇಳಿದ್ಲಂತೆ."

ಗ್ವೆಂಡಾಳಿಗೆ ಸಿಟ್ಟು ಬಂತು. ಮಾರ್ನಿಯ ಮೇಲಲ್ಲ, ತನ್ನನ್ನು ಹತ್ತು ವರ್ಷದ ಮಕ್ಕಳು ಕಂಡುಹಿಡಿದಿದ್ದಕ್ಕೆ. ಮಾರ್ನಿ ಕಟ್ಟಿಕೊಟ್ಟ ಪೈ ತೆಗೆದುಕೊಂಡು ಹೊರಟಳು.

ಶೆಡ್ಡಿನ ಬಾಗಿಲು ತೆಗೆದಾಗ ಗಂಟೆ ಒಂದೂವರೆ. ಕೊಕ್ಕೆಯ ಮೇಲೆ ಕೆಟಲ್‌ನ ಕೀ ಇತ್ತು. ಅದನ್ನು ಮುಟ್ಟಲಿಲ್ಲ. ಟ್ಯಾಂಕರಿನ ಮುಂಬದಿಗೆ ಹತ್ತಿ, ಅವನು ಕೂರುವ ಜಾಗದಲ್ಲಿ ಕೂತಳು. ಬರೆಯಲು ಅದು ಸರಿಯಾದ ಜಾಗ ಎನ್ನಿಸಿತೋ, ಬೇರೆಲ್ಲೂ ಕೂರಲು ಮನಸ್ಸಾಗಲಿಲ್ಲವೋ. ಫೋನು ಕೈಯಿಂದ ಜಾರಿ ಸೀಟಿನ ಅಡಿಗೆ ಬಿತ್ತು. ಬಗ್ಗಿ ತಡಕಿದರೆ ಕೈಗೆ ಸಿಕ್ಕಿದ್ದು ಚರ್ಮದ ಗ್ಲೌಸು. ಎಡಗೈಯದು. ಹನ್ನೊಂದು ದಿನವಾದರೂ ಇನ್ನೂ ಒದ್ದೆಯಾಗಿತ್ತು, ಮುದುಡಿಕೊಂಡಿತ್ತು.

ಅದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಪ್ರಿಯ ಎಂದು ಬೆರಳು ತಾನಾಗಿ ಒತ್ತಿತು, ಅಳಿಸಿದಳು. ಹೇಗಿದ್ದೀಯ ಎಂದು ಬರೆದು ಅದನ್ನೂ ಅಳಿಸಿದಳು. ಅದಕ್ಕೆ ಚೆನ್ನಾಗಿದ್ದೀನಿ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಕೊಟ್ಟವರು ಊರಿನಲ್ಲಿ ಇಲ್ಲ. ನಿನ್ನ ತಪ್ಪಲ್ಲ ಎಂದು ಬರೆದಳು. ತಪ್ಪು ಅಂತ ಹೇಳಿದವರು ಯಾರು? ಇಲ್ಲದ ಮುಳ್ಳನ್ನು ಚುಚ್ಚಿ ತೆಗೆದ ಹಾಗಾಗುತ್ತದೆ. ಅಳಿಸಿದಳು. ಏನಾದ್ರೂ ಬೇಕಾದ್ರೆ ಹೇಳು ಎನ್ನುವುದು ಎರಡು ಸಲ ಬಂತು, ಎರಡು ಸಲವೂ ಹೋಯಿತು. ಕೆಟಲ್ ಜನ್ಮದಲ್ಲಿ ಯಾರ ಹತ್ತಿರವೂ ಇಂಥದ್ದು ಬೇಕು ಎಂದವನಲ್ಲ, ಅವನ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸುವುದೇಕೆ?

ಆಮೇಲೆ ರೇಗಿಸುವ ಮಾತು. ಅದಿಲ್ಲದೆ ಬರೆದರೆ ಅದು ಅವಳ ಮೆಸೇಜೇ ಅಲ್ಲ. ನಮ್ಮಲ್ಲಿ ಪ್ರೀತಿಯನ್ನು ಬೈಗುಳದ ಚೀಲದಲ್ಲಿ ಹಾಕಿಯೇ ಕೊಡುವುದು. ಆದರೆ ಒಬ್ಬ ಹುಡುಗ ಸತ್ತಿದ್ದಾನೆ. ಮಂಗಳವಾರದ ಟೀಯ ಮಾತನ್ನು ಮೊದಲ ಸಾಲಿನಲ್ಲಿ ಇಟ್ಟು ನೋಡಿದಳು. ಏನೂ ಆಗಿಲ್ಲ ಎಂದು ನಟಿಸುವವಳ ಹಾಗೆ ಕಂಡಿತು. ತೆಗೆದಳು. ತೆಗೆದರೆ ಶ್ರದ್ಧಾಂಜಲಿಯಾಯಿತು. ಕೊನೆಯ ಹತ್ತಿರ ಸೇರಿಸಿದಳು. ನಿಜವನ್ನು ಮೊದಲು ಹೇಳಿದ ಮೇಲೆ ಅಲ್ಲಿ ಅದಕ್ಕೆ ಜಾಗವಿತ್ತು.

ಆ ನಿಜವೇ ಕಷ್ಟದ್ದು. ಅವಳು ಅದನ್ನು ಗಂಡನಿಗೂ ಹೇಳಿರಲಿಲ್ಲ. ಹುಡುಗ ಹೋದ ಮೇಲೂ ಕೆಟಲ್ ಮಾತು ನಿಲ್ಲಿಸಿರಲಿಲ್ಲ. ಕೈ ಹಿಡಿದುಕೊಂಡೇ, ಪೆಪ್ಪರ್ ಈಗ ಬಾಗಿಲ ಹತ್ತಿರ ಕೂತಿರ್ತಾನೆ, ಯಾರೋ ಅನ್ನ ಹಾಕಿರ್ತಾರೆ ಬಿಡು ಎಂದು ಹತ್ತು ನಿಮಿಷ ಹೇಳುತ್ತಲೇ ಇದ್ದ. ಉಳಿದವರು ರಸ್ತೆಯಲ್ಲಿದ್ದರು. ಕೇಳಿಸಿಕೊಂಡವಳು ಅವಳೊಬ್ಬಳೇ. ನಾನು ಎನ್ನುವ ಒಂದು ಪದ ಒತ್ತುವುದಕ್ಕೆ ಅವಳು ಐದು ನಿಮಿಷ ತೆಗೆದುಕೊಂಡಳು. ಅದು ಬಂದ ಮೇಲೆ ಉಳಿದದ್ದು ತಾನೇ ಬಂತು, ಚುಕ್ಕಿಗಳಿಗೆ ಕಾಯಲಿಲ್ಲ.

"ಕೆಟಲ್ ನಿನ್ನೆ ಕಳಿಸಿದ್ದು ಕಾರ್ಡ್ ನೋಡಿ ಕಾಪಿ ಹೊಡೆದಿದ್ದು ನಿನ್ನ ಮೆಸೇಜ್ ನೋಡಿ ಹೆದರಿಕೆ ಆಯ್ತು ಅದಕ್ಕೆ ಹಂಗೆ ಮಾಡ್ದೆ. ನಿನ್ನ ಎಡಗೈ ಗ್ಲೌಸು ಸೀಟಿನ ಕೆಳಗೆ ಸಿಕ್ತು. ಆ ಹುಡುಗ ಹೋದ್ಮೇಲೂ ನೀನು ಪೆಪ್ಪರ್ ವಿಷಯ ಹೇಳ್ತಾನೇ ಇದ್ದೆ. ನಾನು ಕೇಳಿಸ್ಕೊಂಡೆ. ನಿಲ್ಸು ಅನ್ನೋಕೆ ಮನಸ್ಸು ಬರ್ಲಿಲ್ಲ. ದಿನಾ ಎರಡು ಸಲ ಬಸ್ ತಗೊಂಡು ಅಲ್ಲಿಂದ ಹೋಗ್ತೀನಿ ಎರಡು ಸಲಾನೂ ನಿನ್ನ ದನಿ ಕೇಳುತ್ತೆ ನಂಗೆ. ಮಂಗಳವಾರ ಟೀ ಮಾರ್ನಿ ಮಾಡಿದ್ಲು ರೇಡಿಯೇಟರ್ ನೀರೇ ವಾಸಿ. ಗ್ಲೌಸು ಒಣಗಿಸ್ಲಾ ಹಂಗೇ ಇಡ್ಲಾ"

ಕೊನೆಯ ಪ್ರಶ್ನೆಯನ್ನು ಬೇಕೆಂದೇ ಸಣ್ಣದು ಮಾಡಿದಳು. ಜೆಟ್ಟಿಯ ತುದಿಯಲ್ಲಿ ಗಾಳಿಗೆ ನಿಂತ ಮನುಷ್ಯ ಒಂದೇ ಪದದಲ್ಲಿ ಉತ್ತರಿಸುವಂತಿರಬೇಕು. ಮತ್ತೊಮ್ಮೆ ಓದಿದಳು. ಉದ್ದವಾಯಿತೇನೋ, ಅವನು ಯಾವತ್ತೂ ಇಷ್ಟುದ್ದ ಬರೆದವನಲ್ಲ. ಆದರೆ ತೆಗೆಯೋಣವೆಂದರೆ ತೆಗೆಯುವಂಥ ಸಾಲು ಕಾಣಲಿಲ್ಲ. ಎರಡು ಮುಕ್ಕಾಲಿಗೆ ಕಳಿಸಿದಳು. ಹೋಯಿತು ಎಂದು ತೋರಿಸಿತು. ತಲುಪಿತು ಎಂದು ತೋರಿಸಲಿಲ್ಲ.

ಬಸ್ಸಿಗೆ ಮರಳಿ, ಫೋನನ್ನು ಚೀಲದಲ್ಲಿ ಹಾಕಿ ಡ್ರೈವರ್ ಸೀಟಿನ ಹಿಂದಿನ ಕೊಕ್ಕೆಗೆ ನೇತುಹಾಕಿದಳು. ಗ್ಲೌಸನ್ನು ಮುಂದಿನ ಗಾಜಿನ ಕೆಳಗೆ, ಬಿಸಿಗಾಳಿ ಬರುವ ಕಿಂಡಿಯ ಹತ್ತಿರ ಇಟ್ಟಳು. ಇಪ್ಪತ್ತಮೂರು ಮಕ್ಕಳು ಹತ್ತಿದರು. ಟೋಪಿಯ ಒಡೆಯ ಸಿಕ್ಕಿದ. ಮೊದಲ ನಿಲ್ದಾಣ, ಎರಡನೆಯದು, ಸೇಬಿನ ತೋಟದ ನಿಲ್ದಾಣ. ಇಬ್ಬರು ಜಗಳವಾಡಿದರು, ಅವಳು ಕನ್ನಡಿಯಲ್ಲಿ ನೋಡಿದ್ದಕ್ಕೆ ಸುಮ್ಮನಾದರು. ನಾಲ್ಕಾಯಿತು. ನಾಲ್ಕು ಹೊಡೆದು ಐದು ನಿಮಿಷವಾಯಿತು. ಚೀಲ ಅಲುಗಲಿಲ್ಲ. ಇವತ್ತು ಅವನು ಜೆಟ್ಟಿಗೆ ಬರಲೇ ಇಲ್ಲವೆಂದರೆ? ಪೆರಿನ್ ಹಲಗೆಗೆ ಮೊಳೆ ಹೊಡೆಯುತ್ತ ಅತ್ತ ತಿರುಗಿದ್ದರೆ?

ಕುರಿದೊಡ್ಡಿಯ ತಿರುವು ಬಂದಾಗ ಬಸ್ಸಿನಲ್ಲಿ ಆರು ಮಕ್ಕಳಿದ್ದರು. ಅವಳು ವೇಗ ಇಳಿಸಿದಳು. ಹಿಂದೆ ಮಾತು ನಿಂತಿತು. ಮಾರ್ನಿ ಹೇಳಿದ್ದು ನಿಜ. ಮರದ ತೊಗಟೆ ಎದ್ದ ಜಾಗ ಬೆಳ್ಳಗೆ ಕಂಡಿತು. ಅಷ್ಟರಲ್ಲಿ ಬೆನ್ನ ಹಿಂದೆ ಚೀಲದೊಳಗೆ ಫೋನು ಗುರ್ರೆಂದಿತು.

"ಆಂಟಿ, ನಿಮ್ಮ ಫೋನು" ಎಂದಳು ಮುಂದಿನ ಸೀಟಿನ ಹುಡುಗಿ.

"ಕೇಳಿಸ್ತು ಮರಿ. ಕಾಯುತ್ತೆ ಬಿಡು."

ಕಾಯುತ್ತದೆ ಎಂದು ಬಾಯಿ ಹೇಳಿತು. ಕಣ್ಣು ಕನ್ನಡಿಯಲ್ಲಿ ಆ ಚೀಲವನ್ನೇ ಹುಡುಕಿತು. ಇನ್ನೂ ನಾಲ್ಕು ನಿಲ್ದಾಣ. ಒಬ್ಬ ಹುಡುಗ ಇಳಿದವನು ಬ್ಯಾಗು ಮರೆತನೆಂದು ವಾಪಸು ಹತ್ತಿದ. ಫೋನು ಇನ್ನೊಮ್ಮೆ ಗುರ್ರೆಂದಿತು. ಕೊನೆಯ ಇಬ್ಬರು ಅಕ್ಕತಂಗಿಯರು ಗೇಟು ದಾಟಿ, ಅವರ ಅಮ್ಮ ಕೈ ಬೀಸುವವರೆಗೆ ಕಾದಳು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಚೀಲಕ್ಕೆ ಕೈ ಹಾಕಿದಳು.

"ಹೀಟರ್ ಹತ್ರ ಇಡ್ಬೇಡ ಚರ್ಮ ಸೆಟೆಯುತ್ತೆ ಎಷ್ಟು ಸಲ ಹೇಳ್ಕೊಟ್ಟಿದೀನಿ"

ಅದರ ಕೆಳಗೆ ಎರಡನೆಯದು.

"ಅವನು ಹೋದ ಅಂತ ಗೊತ್ತಾಗಿತ್ತು ಆದ್ರೂ ನಿಲ್ಸೋಕಾಗ್ಲಿಲ್ಲ ಯಾರೂ ಕೇಳಿಸ್ಕೊಂಡಿಲ್ಲ ಅಂದ್ಕೊಂಡಿದ್ದೆ"

ಗ್ವೆಂಡಾ ಅತ್ತಳು, ಸದ್ದಿಲ್ಲದೆ, ಎಂಜಿನ್ ಚಾಲೂ ಇದ್ದ ಹಾಗೆಯೇ. ಬಹಳ ಹೊತ್ತು ಅಳುವಂತಿರಲಿಲ್ಲ. ಅವನು ಇನ್ನೂ ಅಲ್ಲಿ ನಿಂತಿರಬಹುದು. ಬೆರಳಿನಿಂದ ಪರದೆ ಒರೆಸಿ ಬರೆದಳು: "ನಾನು ಕೇಳಿಸ್ಕೊಂಡೆ. ನಾನಾಗಿದ್ರೆ ನಾಯಿ ಸಾಕಿದ್ದೀಯಾ ಅಂತಾನೂ ಕೇಳ್ತಿರ್ಲಿಲ್ಲ." ಕಳಿಸಿದಳು. ಟ್ರಿಪ್ ಹಾಳೆಯ ಹಿಂಬದಿ ನೋಡುವ ಅಗತ್ಯ ಬೀಳಲಿಲ್ಲ. "ಈಗ ನೇರ ಕೇಳ್ತೀನಿ. ಕೀ ಕೊಡು ಅಂದೆ, ಹಾಲು ಬೇಡ ಅಂದೆ. ಸಾಯೋ ಯೋಚನೆ ಇದೆಯಾ ಕೆಟಲ್"

ತಲುಪಿತು ಎಂದು ತೋರಿಸಿತು. ಹೊರಗೆ ಬೆಳಕು ಇಳಿಯುತ್ತಿತ್ತು. ಬೇಲಿಯಾಚೆ ಕಾಂಗರೂ ಜಾತಿಯ ಒಂದು ಸಣ್ಣ ವಾಲಬಿ ತಲೆಯೆತ್ತಿ ಬಸ್ಸನ್ನು ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಒಂದು ನಿಮಿಷ. ಮೂರು ನಿಮಿಷ. ಕೇಳಬಾರದಿತ್ತೇನೋ ಎಂದುಕೊಂಡಳು, ಕೇಳದೆ ಮನೆಗೆ ಹೋಗಿ ಹೇಗೆ ಊಟ ಮಾಡುತ್ತಿದ್ದೆ ಎಂದೂ ಅಂದುಕೊಂಡಳು.

"ಬೆಳಿಗ್ಗೆ ಇತ್ತು"

ಅಷ್ಟರಲ್ಲಿ ಇನ್ನೊಂದು.

"ಈಗ ಅಷ್ಟಿಲ್ಲ ಕೈ ಮರಗಟ್ಟಿದೆ"

ಈ ಸಲ ಅವಳು ಪದ ಹುಡುಕಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಒಳಗೆ ಹೋಗು ಒಲೆ ದೊಡ್ಡದು ಮಾಡು. ಪೆರಿನ್ ಈಗಲೇ ಬಂದು ರಾತ್ರಿ ನಿನ್ನ ಜೊತೆ ಇರ್ತಾನೆ. ಕಳಿಸ್ತಿರೋದು ನಾನೇ ನಿನ್ನ ಬೆನ್ನ ಹಿಂದೆ ಏನೂ ಮಾಡಲ್ಲ. ಒಳ್ಳೆ ಹುಡುಗ ಟೀ ಮಾಡೋಕೆ ಬರಲ್ಲ. ನಾಳೆ ಗೇಟು ತೆಗೆದ ತಕ್ಷಣ ನಾನು ಬರ್ತೀನಿ ಗ್ಲೌಸು ತರ್ತೀನಿ. ಬರಬೇಡ ಅಂದ್ರೂ ಬರ್ತೀನಿ"

ಪೆರಿನ್ ಮೊದಲ ರಿಂಗಿಗೇ ಎತ್ತಿದ. ಕಟ್ಟೆಯ ಕೆಲಸ ಈಗಷ್ಟೇ ಮುಗಿಸಿ ಬಂದೆ, ಅವರು ಇನ್ನೂ ಜೆಟ್ಟಿಯ ಮೇಲೇ ನಿಂತಿದಾರೆ, ನಮ್ಮ ಕಿಟಕಿಯಿಂದ ಕಾಣ್ತಿದೆ ಎಂದ. ಮಾಡಬೇಕಾದ್ದನ್ನು ಗ್ವೆಂಡಾ ಒಂದೊಂದಾಗಿ ಹೇಳಿದಳು: ಹೋಗಿ ಪಕ್ಕದಲ್ಲಿ ಕೂರು, ಉಪದೇಶ ಬೇಡ, ಬಂದೂಕು ಇದ್ದರೆ ನಿನ್ನ ಗಾಡಿಯಲ್ಲಿಟ್ಟು ಬೀಗ ಹಾಕು, ಇದು ಸಮಾಲೋಚಕಿಯ ನಂಬರು. ಪೆರಿನ್ ಪ್ರತಿಯೊಂದಕ್ಕೂ ಹೂಂ ಎಂದು ಬರೆದುಕೊಂಡ. ಮಾತಾಡುತ್ತಿದ್ದಂತೆಯೇ ಕಿವಿಯಲ್ಲಿ ಫೋನು ಗುರ್ರೆಂದಿತು. ಕೆಳಗಿಳಿಸಿ ನೋಡಿದಳು.

"ಬರೋನಿಗೆ ಹಾಲು ತರೋಕೆ ಹೇಳು ಒಂದು ಲೀಟರ್ ಸಾಲಲ್ಲ"

ಕೆಳಗಿಳಿಸಿದ ಫೋನಿನಿಂದ ಪೆರಿನ್ ಹಲೋ ಹಲೋ ಎಂದ. ಅವಳು ಅದನ್ನು ಮತ್ತೆ ಕಿವಿಗಿಟ್ಟಳು.

"ಹೋಗ್ತಾ ಅಂಗಡೀಲಿ ಹಾಲು ತಗೊಂಡ್ಬಿಡು" ಎಂದಳು.

"ಎಷ್ಟು?"

"ಎರಡು ಲೀಟರ್. ಬೇಡ, ಮೂರು ತಗೋ."

ಫೋನಿಟ್ಟು, ಬಿಸಿಗಾಳಿಯ ಕಿಂಡಿಯ ಹತ್ತಿರವಿದ್ದ ಗ್ಲೌಸನ್ನು ಎತ್ತಿಕೊಂಡಳು. ಹೆಬ್ಬೆರಳಿನ ಕಡೆ ಚರ್ಮ ಆಗಲೇ ಸ್ವಲ್ಪ ಗಡುಸಾಗಿತ್ತು. ಒಂದೊಂದೇ ಬೆರಳನ್ನು ಬಿಡಿಸಿ, ತಿಕ್ಕಿ ಮೆತ್ತಗೆ ಮಾಡಿ, ಬಿಸಿ ತಾಗದ ಪಕ್ಕದ ಸೀಟಿನ ಮೇಲೆ ಅಂಗೈ ಮೇಲಾಗಿ ಇಟ್ಟಳು. ಆಮೇಲೆ ಖಾಲಿ ಬಸ್ಸನ್ನು ಬಂದ ದಾರಿಗೇ ತಿರುಗಿಸಿದಳು.